ಸೀರೆಯ ಬುಟ್ಟಾ ಎಷ್ಟು ದೊಡ್ಡದಿರಬೇಕು?

ಅಂಗಡಿಯಲ್ಲಿ ಬಿಚ್ಚಿ ಹರಡಿದಾಗ ಎಲ್ಲ ಸೀರೆಯೂ ಚೆಂದವೇ. ಉಟ್ಟ ಮೇಲೆ ಕೆಲವು ಸೀರೆಗಳಲ್ಲಿ ಹೂವಷ್ಟೇ ಕಾಣುತ್ತದೆ, ಉಟ್ಟವರು ಕಾಣುವುದಿಲ್ಲ. ಎಷ್ಟೋ ಸಲ ಇದು ಬಣ್ಣದ ತಪ್ಪಲ್ಲ, ಬುಟ್ಟಾ ಮತ್ತು ಅಂಚಿನ ಅಳತೆಯ ತಪ್ಪು.

ಮೊದಲು ನಿಮ್ಮ ಮೈಕಟ್ಟು ತಿಳಿದುಕೊಳ್ಳಿ. ಇದು ತೂಕದ ಮಾತಲ್ಲ, ಮೂಳೆಯ ಮಾತು. ಒಂದು ಕೈಯ ಹೆಬ್ಬೆರಳು, ನಡುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಸುತ್ತಿ ಹಿಡಿಯಿರಿ. ಬೆರಳು ಒಂದರ ಮೇಲೊಂದು ಬಂದರೆ ಸಣ್ಣ ಕಟ್ಟು, ತುದಿ ಮುಟ್ಟಿದರೆ ಮಧ್ಯಮ, ಮುಟ್ಟದಿದ್ದರೆ ದೊಡ್ಡದು. ಅಂದಾಜಿನ ಲೆಕ್ಕವಾದರೂ ಬಟ್ಟೆ ಆರಿಸಲು ಇಷ್ಟು ಸಾಕು.

ಬುಟ್ಟಾಕ್ಕೆ ನಿಮ್ಮ ಮುಷ್ಟಿಯೇ ಅಳತೆಗೋಲು. ಸಣ್ಣ ಕಟ್ಟಿನವರಿಗೆ ಮುಷ್ಟಿಗಿಂತ ಚಿಕ್ಕ ಹೂವು ಒಪ್ಪುತ್ತದೆ. ಮಧ್ಯಮದವರಿಗೆ ಮುಷ್ಟಿಯ ಆಸುಪಾಸಿನದು ಸರಿ. ದೊಡ್ಡ ಕಟ್ಟಿನವರು ಅದಕ್ಕಿಂತ ದೊಡ್ಡದನ್ನು ಧೈರ್ಯವಾಗಿ ಉಡಬಹುದು. ದಪ್ಪಗಿರುವವರು ಸಣ್ಣ ಚುಕ್ಕಿಯದನ್ನೇ ಉಡಬೇಕೆಂಬ ಮಾತು ಹಲವು ಸಲ ತಿರುಗುಬಾಣವಾಗುತ್ತದೆ. ಕಣ್ಣು ಪಕ್ಕದ ವಸ್ತುವಿಗೆ ಹೋಲಿಸಿಯೇ ಗಾತ್ರ ಅಳೆಯುತ್ತದೆ. ಚುಕ್ಕಿ ತೀರ ಸಣ್ಣದಾದಷ್ಟೂ ಮೈ ದೊಡ್ಡದಾಗಿ ತೋರುತ್ತದೆ.

ಅಂಚಿನ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. 5 ಅಡಿ ಎತ್ತರದ, ಸಣ್ಣ ಕಟ್ಟಿನ ಹೆಂಗಸು ಮದುವೆಗೆಂದು 10 ಇಂಚು ಅಂಚಿನ ರೇಷ್ಮೆ ಸೀರೆ ಮೆಚ್ಚಿದ್ದಾರೆ ಎನ್ನಿ. ಸೀರೆಯ ಪನ್ನ ಸುಮಾರು 45 ಇಂಚು. ಅವರ ಸೊಂಟದಿಂದ ನೆಲಕ್ಕೆ ಇರುವುದು 37 ಇಂಚಿನಷ್ಟು. ಉಳಿದದ್ದು ಒಳಗೆ ಸಿಕ್ಕಿಸಿದಲ್ಲಿ ಮುಚ್ಚಿಹೋಗುತ್ತದೆ. ಕಾಣುವ ಭಾಗದಲ್ಲಿ ಕಾಲು ಪಾಲಿಗಿಂತ ಹೆಚ್ಚನ್ನು ಅಂಚೇ ತಿಂದಿತು. ಮೊಣಕಾಲಿನ ಕೆಳಗೆ ಅಡ್ಡಗೆರೆ ಎಳೆದಂತಾಗಿ ಎತ್ತರ ಇನ್ನೂ ಕುಗ್ಗುತ್ತದೆ. ಅದೇ ಸೀರೆ 3 ಇಂಚು ಅಂಚಿನದಾದರೆ ಒಡಲು ಮೇಲಿನಿಂದ ಕೆಳಗೆ ಸಲೀಸಾಗಿ ಇಳಿದು ನೀಳವಾಗಿ ಕಾಣುತ್ತದೆ.

ನಿರಿಗೆಯನ್ನೂ ಮರೆಯಬೇಡಿ. ಒಂದೊಂದು ನಿರಿಗೆ ಸಾಮಾನ್ಯವಾಗಿ 5 ಇಂಚಿನಷ್ಟು ಅಗಲ. ಅದಕ್ಕಿಂತ ದೊಡ್ಡ ಹೂವು ಅಲ್ಲಿ ಮುರಿದು ಅರ್ಧಂಬರ್ಧ ಕಾಣುತ್ತದೆ. ಇಡಿಯಾಗಿ ಕಾಣುವುದು ಸೆರಗಿನಲ್ಲಿ ಮಾತ್ರ. ಆದ್ದರಿಂದ ದೊಡ್ಡ ಹೂವಿನ ಸೀರೆಯನ್ನು ಕೊಳ್ಳುವ ಮೊದಲು ನಿರಿಗೆ ಹಿಡಿದೇ ನೋಡಬೇಕು.

ಗಾತ್ರವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಕೆನೆ ಬಣ್ಣದ ಮೇಲೆ ತಿಳಿ ಹಳದಿಯ ದೊಡ್ಡ ಹೂವು ಸಣ್ಣ ಕಟ್ಟಿನವರಿಗೂ ಭಾರವಾಗದು. ಕಪ್ಪಿನ ಮೇಲೆ ಬಿಳಿ ಹೂವು ಅದೇ ಅಳತೆಯದಾದರೂ ಕಣ್ಣಿಗೆ ರಾಚುತ್ತದೆ. ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯಿಂದ ಎಂಟು ಹತ್ತು ಅಡಿ ಹಿಂದೆ ಸರಿಯಿರಿ. ಮುಖಕ್ಕಿಂತ ಮೊದಲು ಹೂವು ಕಂಡರೆ ಅದು ನಿಮಗೆ ದೊಡ್ಡದಾಯಿತು. ಚುಕ್ಕಿಗಳೆಲ್ಲ ಕಲಸಿ ಒಂದೇ ಬಣ್ಣವಾಗಿ ಕಂಡರೆ ತೀರ ಸಣ್ಣದಾಯಿತು.

ಅಗಲ ಅಂಚಿನ ಸೀರೆ ಈಗಾಗಲೇ ಮನೆಯಲ್ಲಿದ್ದರೆ ಹೆಗಲ ಮೇಲೆ ನಿರಿಗೆ ಪೇರಿಸದೆ ಸೆರಗನ್ನು ಒಂಟಿಯಾಗಿ ಇಳಿಬಿಡಿ, ರವಿಕೆಯನ್ನು ಒಡಲಿನ ಬಣ್ಣದಲ್ಲೇ ಸಾದಾ ಹೊಲಿಸಿ. ಅಂಚು ಎರಡು ಕಡೆ ಪೈಪೋಟಿ ಮಾಡುವುದು ತಪ್ಪುತ್ತದೆ.