ಏಳು ನರ್ಸ್‌ಗಳಿದ್ದರೂ ಡ್ಯೂಟಿಗೆ ಜನ ಸಾಲದು, ಏಕೆ?

15 ಹಾಸಿಗೆಯ ಒಂದು ನರ್ಸಿಂಗ್ ಹೋಮ್ ಇದೆ ಎಂದಿಟ್ಟುಕೊಳ್ಳಿ. ಸಂಬಳದ ಪಟ್ಟಿಯಲ್ಲಿ 20 ಹೆಸರುಗಳಿವೆ, ಅವರಲ್ಲಿ ನರ್ಸ್‌ಗಳೇ 7 ಮಂದಿ. ವಾರ್ಡಿಗೆ ಬೇಕಾದದ್ದು ಬೆಳಗಿನ ಪಾಳಿಗೆ ಇಬ್ಬರು, ಮಧ್ಯಾಹ್ನದ ಪಾಳಿಗೆ ಇಬ್ಬರು, ರಾತ್ರಿ ಪಾಳಿಗೆ ಒಬ್ಬರು. ದಿನಕ್ಕೆ ಒಟ್ಟು 5 ಡ್ಯೂಟಿ. ಐದು ಡ್ಯೂಟಿಗೆ ಏಳು ಜನ, ರಜೆ ಹಾಕಿದವರ ಜಾಗಕ್ಕೂ ಇಬ್ಬರಿದ್ದಾರಲ್ಲ ಎಂದು ಮಾಲೀಕರಿಗೆ ಅನಿಸುವುದು ಸಹಜ. ಹಾಗಿದ್ದೂ ವಾರಕ್ಕೆ ಮೂರು ಸಲವಾದರೂ ಯಾರಾದರೊಬ್ಬರು ಡಬಲ್ ಡ್ಯೂಟಿ ಮಾಡಬೇಕಾಗುತ್ತದೆ. ನರ್ಸ್‌ಗಳು ಮೈಗಳ್ಳರು ಎಂಬ ಗೊಣಗಾಟ ಶುರುವಾಗುವುದು ಇಲ್ಲಿಂದಲೇ. ತಪ್ಪಿರುವುದು ಎಣಿಕೆಯಲ್ಲಿ.

ಪಟ್ಟಿ ತಲೆಗಳನ್ನು ಎಣಿಸುತ್ತದೆ, ವಾರ್ಡಿಗೆ ಬೇಕಾದದ್ದು ಗಂಟೆಗಳು. ತಲೆಗಳನ್ನು ಗಂಟೆಗಳ ಲೆಕ್ಕಕ್ಕೆ ತರಲು ಮಾನವ ಸಂಪನ್ಮೂಲ ವಿಭಾಗದವರು ಬಳಸುವ ಅಳತೆಗೆ ಎಫ್‌ಟಿಇ ಎನ್ನುತ್ತಾರೆ. ಒಬ್ಬ ಪೂರ್ಣಾವಧಿ ನೌಕರ ಎಷ್ಟು ಗಂಟೆ ದುಡಿಯುತ್ತಾನೋ ಅದು 1 ಎಫ್‌ಟಿಇ. ಉಳಿದವರೆಲ್ಲ ಅದರ ಇಷ್ಟು ಪಾಲು. ಹಾಗಾಗಿ ಮೊದಲು ಇತ್ಯರ್ಥವಾಗಬೇಕಾದದ್ದು ಪೂರ್ಣಾವಧಿ ಎಂದರೆ ಎಷ್ಟು ಗಂಟೆ ಎಂಬುದು. ನಮ್ಮಲ್ಲಿ ದಿನಕ್ಕೆ 8 ಗಂಟೆಯಂತೆ ವಾರಕ್ಕೆ 6 ದಿನ, ಅಂದರೆ 48 ಗಂಟೆ ಸಾಮಾನ್ಯ. ಅಮೆರಿಕದ ಕಂಪನಿಗಳಿಗೆ ಲೆಕ್ಕ ಒಪ್ಪಿಸುವ ಬೆಂಗಳೂರಿನ ಕಚೇರಿಗಳು ವಾರಕ್ಕೆ 40 ಗಂಟೆ ಹಿಡಿಯುತ್ತವೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಮುಂದಿನ ಸಂಖ್ಯೆಗಳೆಲ್ಲ ಕೆಟ್ಟವೆಂದೇ ಲೆಕ್ಕ. ನಮ್ಮ ನರ್ಸಿಂಗ್ ಹೋಮಿಗೆ 48 ಇರಲಿ.

ಈಗ ಪಟ್ಟಿಯನ್ನು ಪರಿವರ್ತಿಸೋಣ. ರಿಸೆಪ್ಶನ್ ಮತ್ತು ಬಿಲ್ಲಿಂಗ್‌ನಲ್ಲಿ ಮೂವರು ಪೂರ್ಣಾವಧಿಯವರು: 3. ಔಷಧಿ ಅಂಗಡಿಯಲ್ಲಿ ಒಬ್ಬರು ಪೂರ್ತಿ ದಿನ, ಇನ್ನೊಬ್ಬರು ಸಂಜೆ 4 ಗಂಟೆ: 1.5. ನರ್ಸ್‌ಗಳಲ್ಲಿ ಐವರು ಪೂರ್ಣಾವಧಿ, ಇಬ್ಬರು ದಿನಕ್ಕೆ 4 ಗಂಟೆಯವರು. ಆ ಇಬ್ಬರದೂ ವಾರಕ್ಕೆ 24 ಗಂಟೆ, ಅಂದರೆ ತಲಾ 0.5, ಒಟ್ಟು 6. ಆಯಾ ಮತ್ತು ವಾರ್ಡ್ ಬಾಯ್ ಸೇರಿ ನಾಲ್ವರು ಪೂರ್ತಿ ದಿನದವರು, ಜೊತೆಗೆ ಬೆಳಿಗ್ಗೆ 3 ಗಂಟೆ ಬಂದು ಗುಡಿಸಿ ಒರೆಸಿ ಹೋಗುವ ಮೂವರು. ಈ ಮೂವರ ವಾರದ 18 ಗಂಟೆಯನ್ನು 48ರಿಂದ ಭಾಗಿಸಿದರೆ ತಲಾ 0.375, ಎಲ್ಲ ಸೇರಿ 5.125. ಕೊನೆಗೆ ವಾರಕ್ಕೆ 6 ಗಂಟೆ ಬರುವ ಫಿಸಿಯೋಥೆರಪಿಸ್ಟ್: 0.125. ಒಟ್ಟು ತಲೆ 20, ಎಫ್‌ಟಿಇ 15.75. ದಶಾಂಶಗಳನ್ನು ಪ್ರತಿಯೊಬ್ಬರ ಹೆಸರಿನ ಮುಂದೆಯೇ ಪೂರ್ಣಾಂಕ ಮಾಡಬಾರದು. ಗುಡಿಸುವ ಮೂವರನ್ನು ‘ಸುಮಾರು ಅರ್ಧ’ ಎಂದು ಬರೆದರೆ ಒಟ್ಟು ಮೊತ್ತಕ್ಕೆ ಇಲ್ಲದ ಗಂಟೆಗಳು ಸೇರಿಕೊಳ್ಳುತ್ತವೆ.

ಇಷ್ಟು ಕೈಯಲ್ಲಿರುವ ಜನರ ಲೆಕ್ಕ. ಪಾಳಿ ಕೆಲಸಕ್ಕೆ ಎಷ್ಟು ಬೇಕು ಎಂಬುದು ಬೇರೆಯೇ ಲೆಕ್ಕ, ಹೆಚ್ಚಿನವರು ಎಡವುವುದೂ ಅಲ್ಲೇ. ಆಫೀಸಿನ ಕುರ್ಚಿ ಭಾನುವಾರ ಖಾಲಿ ಇರಬಹುದು, ವಾರ್ಡಿನ ಟೇಬಲ್ ಖಾಲಿ ಇರುವಂತಿಲ್ಲ. ದಿನಕ್ಕೆ 5 ಡ್ಯೂಟಿ, ಒಂದೊಂದು 8 ಗಂಟೆ, 365 ದಿನ: ವರ್ಷಕ್ಕೆ 14,600 ಗಂಟೆ. ಒಬ್ಬ ಪೂರ್ಣಾವಧಿ ನರ್ಸ್‌ಗೆ ನಾವು ಸಂಬಳ ಕೊಡುವುದು 52 ವಾರಗಳ 2,496 ಗಂಟೆಗೆ. ಅಷ್ಟೂ ಹೊತ್ತು ಅವರು ವಾರ್ಡಿನಲ್ಲಿರುವುದಿಲ್ಲ. ಗಳಿಕೆ ರಜೆ 15 ದಿನ, ಸಾಂದರ್ಭಿಕ ಮತ್ತು ಕಾಯಿಲೆ ರಜೆ 12 ದಿನ, ಹಬ್ಬದ ರಜೆ 10 ದಿನ ಎಂದು ಹಿಡಿದರೆ 37 ದಿನಗಳ 296 ಗಂಟೆ ಕಳೆಯಬೇಕು. ಉಳಿಯುವುದು 2,200. ಅರೆಕಾಲಿಕರಿಗೂ ಇದೇ ಪ್ರಮಾಣದಲ್ಲಿ ರಜೆ ಎಂದುಕೊಳ್ಳೋಣ.

14,600ನ್ನು 2,200ರಿಂದ ಭಾಗಿಸಿದರೆ 6.64. ಬೇಕಾದದ್ದು ಇಷ್ಟು, ಇರುವುದು 6. ಕೊರತೆ 1,400 ಗಂಟೆ, ಅಂದರೆ ವರ್ಷಕ್ಕೆ 175 ಡ್ಯೂಟಿ. ವಾರಕ್ಕೆ ಮೂರಕ್ಕೂ ಹೆಚ್ಚು ಸಲ ಡಬಲ್ ಡ್ಯೂಟಿ ಬರುತ್ತಿದ್ದುದು ಇದರಿಂದಲೇ. ಇದೇ ಲೆಕ್ಕವನ್ನು 24 ಗಂಟೆಯೂ ತುಂಬಿರಬೇಕಾದ ಒಂದೇ ಒಂದು ಜಾಗಕ್ಕೆ ಮಾಡಿದರೆ 8,760 ಗಂಟೆ, ಅಂದರೆ ಹೆಚ್ಚುಕಡಿಮೆ ನಾಲ್ವರು ಬೇಕು. ಮೂರು ಪಾಳಿಗೆ ಮೂರು ಜನ ಎಂದು ಯೋಜನೆ ಬರೆದವರಿಗೆ ವಾರದ ರಜೆ ಮತ್ತು ವರ್ಷದ ರಜೆ ಸೇರಿ ಒಬ್ಬ ಪೂರ್ತಿ ಮನುಷ್ಯನನ್ನೇ ನುಂಗುತ್ತವೆ ಎಂಬುದು ತಟ್ಟನೆ ಹೊಳೆಯುವುದಿಲ್ಲ. ಪಾಳಿ ಬದಲಾಗುವಾಗ ಹಳಬರು ಹೊಸಬರಿಗೆ ರೋಗಿಗಳ ವಿವರ ಒಪ್ಪಿಸುವ ಅರ್ಧ ಗಂಟೆಯನ್ನು ನಾನಿಲ್ಲಿ ಸೇರಿಸಿಲ್ಲ. ಅದನ್ನೂ ಕೆಲಸದ ಹೊತ್ತೆಂದು ಹಿಡಿದರೆ ಆ ಒಂದು ಜಾಗಕ್ಕೇ 4.23 ಬೇಕಾಗುತ್ತದೆ.

ಹಾಗಾದರೆ ಇನ್ನೊಬ್ಬ ಪೂರ್ಣಾವಧಿ ನರ್ಸ್‌ರನ್ನು ತೆಗೆದುಕೊಳ್ಳಬೇಕೇ? ತೆಗೆದುಕೊಂಡರೆ ವರ್ಷಕ್ಕೆ 800 ಗಂಟೆ ಹೆಚ್ಚಾಗುತ್ತದೆ. ಒಬ್ಬ ಅರ್ಧ ಹೊತ್ತಿನವರು ಸಾಕೆಂದರೆ 6.5 ಆಗಿ, ಇನ್ನು 300 ಗಂಟೆ, ಎಂದರೆ 37-38 ಡ್ಯೂಟಿ ಮಾತ್ರ ಉಳಿಯುತ್ತದೆ. ಅದನ್ನು ಓಟಿ ಕೊಟ್ಟೋ ಕರೆದಾಗ ಬರುವ ನರ್ಸ್‌ಗಳಿಂದಲೋ ನಿಭಾಯಿಸಬಹುದು. ನನ್ನ ಒಲವು ಎರಡನೆಯದರ ಕಡೆಗೆ, ಆದರೆ ಒಂದು ಷರತ್ತಿದೆ. ಎಫ್‌ಟಿಇಗೆ ಗಡಿಯಾರ ನೋಡಲು ಬರುವುದಿಲ್ಲ. ದಿನಕ್ಕೆ 4 ಗಂಟೆಯಂತೆ ಆರು ದಿನ ಬರುವವರೂ 0.5, ದಿನಕ್ಕೆ 8 ಗಂಟೆಯಂತೆ ಮೂರು ದಿನ ಬರುವವರೂ 0.5. ಮೊದಲನೆಯವರಿಂದ ರಾತ್ರಿ ಪಾಳಿ ತುಂಬುವುದಿಲ್ಲ, ಎರಡನೆಯವರಿಂದ ತುಂಬುತ್ತದೆ. ಈಗಿರುವ ಅರೆಕಾಲಿಕರಿಬ್ಬರೂ ಬೆಳಿಗ್ಗೆ 8ಕ್ಕೆ ಬಂದು 12ಕ್ಕೆ ಹೋಗುವವರಾದರೆ ಮೂರನೆಯವರನ್ನೂ ಅದೇ ಹೊತ್ತಿಗೆ ಸೇರಿಸುವುದರಲ್ಲಿ ಅರ್ಥವಿಲ್ಲ: ಹಾಳೆಯ ಮೇಲೆ ಕೊರತೆ ತುಂಬಿರುತ್ತದೆ, ರಾತ್ರಿ ಡಬಲ್ ಡ್ಯೂಟಿ ಹಾಗೆಯೇ ಮುಂದುವರಿಯುತ್ತದೆ. ಅದಕ್ಕೇ ಒಟ್ಟು ಮೊತ್ತದ ಜೊತೆಗೆ ಪಾಳಿವಾರು ಲೆಕ್ಕವನ್ನೂ ಇಡಬೇಕು. ರಾತ್ರಿಯ ಒಂದು ಡ್ಯೂಟಿಗೇ 1.33 ಎಫ್‌ಟಿಇ ಬೇಕು.

ಬಜೆಟ್ ಬರೆಯುವಾಗ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ. ಅಕ್ಟೋಬರ್ 1ಕ್ಕೆ ಇಬ್ಬರು ಪೂರ್ಣಾವಧಿ ಸಹಾಯಕರು ಸೇರಿದರೆ ಮಾರ್ಚ್ 31ರ ತಲೆ ಎಣಿಕೆಯಲ್ಲಿ ಇಬ್ಬರು ಹೆಚ್ಚು. ಆ ಆರ್ಥಿಕ ವರ್ಷದ ಸರಾಸರಿಯಲ್ಲಿ ಮಾತ್ರ ಅವರು ಆರು ತಿಂಗಳಿನವರು, ಇಬ್ಬರೂ ಸೇರಿ 1 ಎಫ್‌ಟಿಇ. ಮುಂದಿನ ವರ್ಷ ಅದು 2 ಆಗುತ್ತದೆ. ಹೊಸಬರು ಯಾರೂ ಸೇರದೆಯೇ ಸಂಬಳದ ಖರ್ಚು ಏರಿತಲ್ಲ ಎಂದು ಲೆಕ್ಕಪರಿಶೋಧಕರು ಕೇಳಿದರೆ ಉತ್ತರ ಇದೇ.

ಮಾಡಿದ ಲೆಕ್ಕ ಸರಿಯಿದೆಯೇ ಎಂದು ಹಾಜರಿ ಪುಸ್ತಕದಿಂದಲೇ ತಿಳಿಯಬಹುದು. ಒಂದು ಎಫ್‌ಟಿಇ ಎಂದರೆ ತಿಂಗಳಿಗೆ ಸರಾಸರಿ 208 ಗಂಟೆಯ ಸಂಬಳ. ನರ್ಸ್‌ಗಳ 6 ಎಫ್‌ಟಿಇಗೆ 1,248. ಓಟಿಯೂ ಸೇರಿ ಸಂಬಳ ಕೊಟ್ಟ ಗಂಟೆಗಳು ತಿಂಗಳ ಮೇಲೆ ತಿಂಗಳು ಇದನ್ನು ದಾಟುತ್ತಿದ್ದರೆ, ಖಾಲಿ ಹುದ್ದೆಯೊಂದು ಓಟಿಯ ಹೆಸರಿನಲ್ಲಿ ಅಡಗಿದೆ ಎಂದರ್ಥ.

ಇಷ್ಟೆಲ್ಲ ಮಾಡಿದ ಮೇಲೂ ತಲೆ ಎಣಿಕೆಯ ಹಾಳೆಯನ್ನು ಹರಿದು ಹಾಕಬೇಡಿ. ಇಎಸ್‌ಐ ಅನ್ವಯವಾಗಲು 10 ಮಂದಿ, ಭವಿಷ್ಯ ನಿಧಿಗೆ 20 ಮಂದಿ ಎಂದು ಕಾನೂನು ಎಣಿಸುವುದು ಜನರನ್ನು; ಅರ್ಧ ದಿನದವರನ್ನು ಅರ್ಧ ಮನುಷ್ಯ ಎಂದು ಅದು ಹಿಡಿಯುವುದಿಲ್ಲ. ನಮ್ಮದು 15.75 ತಾನೇ, 20 ಮುಟ್ಟಿಲ್ಲವಲ್ಲ ಎಂಬ ವಾದ ಅಲ್ಲಿ ನಡೆಯದು. ಪಟ್ಟಿಯ ಇಪ್ಪತ್ತನೆಯ ಹೆಸರು ವಾರಕ್ಕೆ 6 ಗಂಟೆ ಬರುವ, ಸಂಬಳದ ಮೇಲಿರುವ ಆ ಫಿಸಿಯೋಥೆರಪಿಸ್ಟ್‌ದೇ ಆಗಿದ್ದರೂ ಅಷ್ಟೆ.