ಶುಭೋದಯದ ಚಿತ್ರವೂ ಜೋಡಿ ಬಾಣವೂ

‘ಫೋನ್ ತುಂಬಿದೆಯಂತೆ, ಸ್ವಲ್ಪ ನೋಡಮ್ಮ’ ಎಂದು ಅಜ್ಜಿ ಮೊಬೈಲ್ ಕೊಟ್ಟಾಗ, ಸಹಾಯಕ್ಕೆ ಕೂತ ಮೊಮ್ಮಗಳು ಎಲ್ಲವನ್ನೂ ಒಮ್ಮೆಗೇ ಅಳಿಸಬಾರದು. ದೀಪ, ಗುಲಾಬಿಗಳ ಶುಭೋದಯದ ನಡುವೆಯೇ ಮಗುವಿನ ನಾಮಕರಣದ ಫೋಟೊ ಇರುತ್ತದೆ.

ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಣೆ ತೆರೆದರೆ, ಹಲವು ಬಾರಿ ಫಾರ್ವರ್ಡ್ ಆದವು ಬೇರೆಯಾಗಿ ಕಾಣುತ್ತವೆ. ಅವನ್ನು ಅಜ್ಜಿಯ ಎದುರೇ ನೋಡಿ, ಕೇಳಿ ಅಳಿಸಬೇಕು. ಜೊತೆಗೆ ಫೋಟೊ, ವಿಡಿಯೊಗಳು ತಾವಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ ಫೋನ್ ಬೇಗ ತುಂಬದು. ಶುಭೋದಯ ಕಳಿಸುವುದನ್ನೇ ಬಿಡಿಸಬೇಕಿಲ್ಲ. ಒಂಟಿಯಾಗಿರುವ ಗೆಳತಿಗೆ ಅದೇ ‘ಚೆನ್ನಾಗಿದ್ದೇನೆ’ ಎಂಬ ಸುದ್ದಿ.

ಸರಪಳಿ ಸಂದೇಶದ ಮಾತು ಬೇರೆ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್‌ನನ್ನು ಕೊಂದಿತು. ಅದೇ ತಿಂಗಳು ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಕಳಿಸುವ ಮಿತಿ ಪ್ರಕಟಿಸಿತು. 2020ರಿಂದ ಜೋಡಿ ಬಾಣದ ಗುರುತಿರುವುದು ಒಮ್ಮೆಗೆ ಒಂದೇ ಚಾಟ್‌ಗೆ ಹೋಗುತ್ತದೆ. ಆದರೆ ಆ ಬಾಣ ಹೇಳುವುದು ಸಂದೇಶ ಕನಿಷ್ಠ ಐದು ಕೈ ದಾಟಿದೆಯೆಂದಷ್ಟೇ, ಅದು ಸುಳ್ಳೆಂದಲ್ಲ.

‘ಹತ್ತು ಜನಕ್ಕೆ ಕಳಿಸದಿದ್ದರೆ ಕೆಡುಕು’ ಎಂದು ಬಂದರೆ ಅಜ್ಜಿಯ ಭಯವನ್ನು ನಗಬಾರದು. ‘ಕೊಡಿ, ನಾನೇ ಅಳಿಸುತ್ತೇನೆ’ ಎಂದು ಆ ಭಾರ ತಾನು ಹೊರಬೇಕು. ಕಳಿಸಿದವರಿಗೂ ಗುಂಪಿನಲ್ಲಲ್ಲ, ಖಾಸಗಿಯಾಗಿ ತಿಳಿಸಬೇಕು.