ಟ್ರೇಯಲ್ಲಿ ಬಿಟ್ಟದ್ದು ಒಬ್ಬರ ಬಳಿ, ಸೀಟಿನಲ್ಲಿ ಬಿಟ್ಟದ್ದು ಇನ್ನೊಬ್ಬರ ಬಳಿ

ವಿಮಾನ ಪ್ರಯಾಣದಲ್ಲಿ ಏನಾದರೂ ಕಳೆದುಹೋದರೆ ಬಹಳಷ್ಟು ಜನ ಮೊದಲು ಫೋನ್ ಮಾಡುವುದು ವಿಮಾನ ಸಂಸ್ಥೆಗೆ. ವಸ್ತು ವಿಮಾನದೊಳಗೆ ಉಳಿದಿದ್ದರೆ ಅದು ಸರಿ. ಸೆಕ್ಯುರಿಟಿ ತಪಾಸಣೆಯ ಟ್ರೇಯಲ್ಲಿ ಉಳಿದಿದ್ದರೆ ಮಾತ್ರ ಆ ಕರೆಯಿಂದ ಪ್ರಯೋಜನವಿಲ್ಲ. ಎಲ್ಲಿ ಬಿಟ್ಟಿರಿ ಎಂಬುದರ ಮೇಲೆ ಅದು ಯಾರ ಕೈಸೇರುತ್ತದೆ ಎಂಬುದು ನಿರ್ಧಾರವಾಗುತ್ತದೆ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನಿಂದ ದೆಹಲಿಗೆ ಹೊರಟ ಪ್ರಯಾಣಿಕರೊಬ್ಬರು ತಪಾಸಣೆಯಲ್ಲಿ ಬ್ಯಾಗು, ಬೆಲ್ಟು ಎತ್ತಿಕೊಂಡು ಲ್ಯಾಪ್‌ಟಾಪ್ ಮರೆತರು. ವಿಮಾನದಲ್ಲಿ ಟ್ಯಾಬ್ ನೋಡುತ್ತಿದ್ದವರು ಅದನ್ನು ಎದುರಿನ ಸೀಟಿನ ಜೇಬಿನಲ್ಲೇ ಬಿಟ್ಟು ಇಳಿದರು. ಪ್ರಯಾಣ ಒಂದೇ ಆದರೂ ಅವರು ಕೊಡಬೇಕಾದ ದೂರು ಎರಡು.

ಲ್ಯಾಪ್‌ಟಾಪ್ ಇರುವುದು ಬೆಂಗಳೂರಿನಲ್ಲಿ. ಅಲ್ಲಿ, ದೇಶದ ಇತರ ದೊಡ್ಡ ನಿಲ್ದಾಣಗಳಲ್ಲಿರುವಂತೆ, ತಪಾಸಣೆ ನಡೆಸುವುದು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್ಎಫ್. ಟ್ರೇಯಲ್ಲಿ ಉಳಿದ ವಸ್ತುವನ್ನು ಸಿಬ್ಬಂದಿ ದಾಖಲು ಮಾಡಿ, ನಿಲ್ದಾಣ ನಡೆಸುವ ಸಂಸ್ಥೆಯ ‘ಲಾಸ್ಟ್ ಅಂಡ್ ಫೌಂಡ್’ ವಿಭಾಗಕ್ಕೆ ಒಪ್ಪಿಸುತ್ತಾರೆ. ಬೆಂಗಳೂರಿನಲ್ಲಿ ಆ ಸಂಸ್ಥೆ ಬಿಐಎಎಲ್, ಮಂಗಳೂರಿನಲ್ಲಿ ಅದಾನಿ, ಹುಬ್ಬಳ್ಳಿಯಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಸಿಕ್ಕ ವಸ್ತುಗಳ ಪಟ್ಟಿಯನ್ನು ಸಿಐಎಸ್ಎಫ್ ತನ್ನ cisf.gov.in ತಾಣದಲ್ಲೂ ಹಾಕುತ್ತದೆ.

ವಿಮಾನ ಹತ್ತುವ ಮೊದಲೇ ನೆನಪಾದರೆ ಕೆಲಸ ಸುಲಭ. ಗೇಟಿನ ಸಿಬ್ಬಂದಿಗೆ ಹೇಳಿ, ಬೋರ್ಡಿಂಗ್ ಪಾಸ್ ಹಿಡಿದು ಅದೇ ತಪಾಸಣಾ ಸಾಲಿಗೆ ಹಿಂತಿರುಗಬಹುದು. ಗೇಟು ಸಾಮಾನ್ಯವಾಗಿ ವಿಮಾನ ಹೊರಡುವ 25 ನಿಮಿಷ ಮೊದಲೇ ಮುಚ್ಚುವುದರಿಂದ ಗಡಿಯಾರದ ಮೇಲೆ ಕಣ್ಣಿರಲಿ. ಯಾವ ಸಾಲು, ಎಷ್ಟು ಗಂಟೆ ಎಂಬುದು ಬಹಳ ಮುಖ್ಯ. ಒಂದೇ ಬಗೆಯ ಎರಡು ಕಪ್ಪು ಲ್ಯಾಪ್‌ಟಾಪ್ ಬಂದು, ಇನ್ನೊಬ್ಬರು ನಿಮ್ಮದನ್ನು ಎತ್ತಿಕೊಂಡು ಹೋಗಿದ್ದರೆ ಅದನ್ನು ಪತ್ತೆಹಚ್ಚುವುದು ಸಿಸಿಟಿವಿ ದೃಶ್ಯದಿಂದ. ಸಮಯ ಗೊತ್ತಿದ್ದರೆ ಅಷ್ಟೇ ಭಾಗ ನೋಡಿದರೆ ಸಾಕು. ಆ ದೃಶ್ಯಗಳನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ದೂರು ಅಂದೇ ಹೋಗಬೇಕು.

ಟ್ಯಾಬ್‌ನ ಹೊಣೆ ವಿಮಾನ ಸಂಸ್ಥೆಯದು. ದೇಶದೊಳಗಿನ ವಿಮಾನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶುಚಿ ಮಾಡಿದ ಕೂಡಲೇ ಇನ್ನೊಂದು ಊರಿಗೆ ಹಾರುತ್ತದೆ. ಆಗ ಸೀಟಿನ ಜೇಬಿನಲ್ಲಿರುವ ವಸ್ತು ದೆಹಲಿಯಲ್ಲಿ ಸಿಗಬಹುದು, ಮುಂದಿನ ಊರಿನಲ್ಲೂ ಸಿಗಬಹುದು. ಆದ್ದರಿಂದ ಆಗಮನ ಸಭಾಂಗಣ ಬಿಡುವ ಮೊದಲು, ಲಗೇಜ್ ಬೆಲ್ಟಿನ ಬಳಿ ಇರುವ ಆ ಸಂಸ್ಥೆಯ ಸಿಬ್ಬಂದಿಗೆ ವಿಮಾನ ಸಂಖ್ಯೆ ಮತ್ತು ಸೀಟ್ ಸಂಖ್ಯೆ ಹೇಳಿ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಲಗೇಜ್ ಬಾರದಿದ್ದಾಗ ಬರೆಸುವ ‘ಪಿಐಆರ್’ ಚೆಕ್-ಇನ್ ಲಗೇಜಿಗಾಗಿ ಇರುವುದು. ಸೀಟಿನಲ್ಲಿ ಬಿಟ್ಟ ವಸ್ತುವಿಗೆ ಬೇರೆಯಾಗಿಯೇ ದೂರು ಕೊಡಬೇಕು. ಹಾರಾಟದ ನಡುವೆ ಫೋನು ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಅಲ್ಲಾಡಿಸದೆ ಸಿಬ್ಬಂದಿಯನ್ನು ಕರೆಯಿರಿ. ಅದುಮಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು.

ಬಾಯಲ್ಲಿ ಹೇಳಿದ ಮೇಲೂ ಇಮೇಲ್ ಅಥವಾ ಜಾಲತಾಣದ ಅರ್ಜಿಯಲ್ಲಿ ಬರೆದು, ದೂರಿನ ಸಂಖ್ಯೆ ಪಡೆಯಿರಿ. ‘ಕಪ್ಪು ಲ್ಯಾಪ್‌ಟಾಪ್’ ಎಂದಷ್ಟೇ ಬರೆದರೆ ಅಂಥವು ಅಲ್ಲಿ ಹಲವಾರು ಇರುತ್ತವೆ. ಹೀಗೆ ಬರೆಯಿರಿ: ‘ಇಂಥ ದಿನಾಂಕ, ಬೆಳಿಗ್ಗೆ 6.10ರ ಸುಮಾರಿಗೆ, ಇಂಥ ಟರ್ಮಿನಲ್‌ನ ಎಡಗಡೆಯ ಕೊನೆಯ ತಪಾಸಣಾ ಸಾಲು. 14 ಇಂಚಿನ ಬೂದು ಲ್ಯಾಪ್‌ಟಾಪ್, ಮುಚ್ಚಳದ ಬಲ ಮೂಲೆಯಲ್ಲಿ ಗೀರು, ತಳಭಾಗದಲ್ಲಿ ಹಸಿರು ಸ್ಟಿಕರ್.’ ಜೊತೆಗೆ ಬೋರ್ಡಿಂಗ್ ಪಾಸ್ ಪ್ರತಿ, ಖರೀದಿಯ ಬಿಲ್ ಮತ್ತು ಸೀರಿಯಲ್ ಸಂಖ್ಯೆ ಇರಲಿ. ಫೋನಾದರೆ ಐಎಂಇಐ ಸಂಖ್ಯೆ ಬೇಕು. ಫೋನು ಕೈಯಲ್ಲಿರುವಾಗಲೇ *#06# ಒತ್ತಿ ನೋಡಿ ಬರೆದಿಟ್ಟುಕೊಳ್ಳಬಹುದು.

ಈ ವಿವರಗಳನ್ನು ಸಾಮಾಜಿಕ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಅಲ್ಲಿ ಗ್ರಾಹಕ ಸೇವೆಯ ಹೆಸರಿನಲ್ಲಿ ಹಣ ಅಥವಾ ಒಟಿಪಿ ಕೇಳುವ ವಂಚಕರಿರುತ್ತಾರೆ. ದೂರವಾಣಿ ಸಂಖ್ಯೆಯನ್ನು ಸಂಸ್ಥೆಯ ಅಧಿಕೃತ ತಾಣದಿಂದಲೇ ತೆಗೆದುಕೊಳ್ಳಿ.

ವಸ್ತು ಸಿಕ್ಕಿತೆಂದು ತಿಳಿದ ಮೇಲೆ ನೀವೇ ಹೋಗಲಾಗದಿದ್ದರೆ, ನಿಮ್ಮ ಒಪ್ಪಿಗೆ ಪತ್ರ, ನಿಮ್ಮ ಗುರುತಿನ ಚೀಟಿಯ ಪ್ರತಿ ಮತ್ತು ಅವರದೇ ಗುರುತಿನ ಚೀಟಿಯೊಂದಿಗೆ ಬೇರೆಯವರನ್ನು ಕಳಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ವಾರಸುದಾರರಿಲ್ಲದ ವಸ್ತುಗಳನ್ನು ನಿಗದಿತ ಅವಧಿಯ ನಂತರ ವಿಲೇವಾರಿ ಮಾಡುತ್ತಾರೆ. ತಿಂಡಿ ತಿನಿಸುಗಳನ್ನಂತೂ ಹೆಚ್ಚು ಹೊತ್ತು ಇಡುವುದಿಲ್ಲ. ಆದ್ದರಿಂದ ‘ಯಾರೋ ಕರೆ ಮಾಡುತ್ತಾರೆ’ ಎಂದು ಕಾಯಬೇಡಿ. ಮರೆತ ಜಾಗ ಯಾವುದೆಂದು ಖಚಿತವಿಲ್ಲದಿದ್ದರೆ ನಿಲ್ದಾಣಕ್ಕೂ ವಿಮಾನ ಸಂಸ್ಥೆಗೂ ಅದೇ ದಿನ ಬರೆಯಿರಿ.